ಪ್ರಶ್ನೆ ಇಲ್ಲದ ಕರೆಂಟ್ ಬಿಲ್

ಮೊನ್ನೆ ಪರಿಚಯದವರೊಬ್ಬರು ಕರೆಂಟ್ ಬಿಲ್ಲಿನ ಫೋಟೊ ಕಳಿಸಿದರು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಇಂಥ ಫೋಟೊ ಬಂದರೆ ಕೇಳುತ್ತಿರುವುದು ಏನೆಂದು ನನಗೆ ಗೊತ್ತು: ಇಷ್ಟೊಂದು ಹೇಗೆ ಬಂತು?

ನಾನು ಮೊತ್ತ ನೋಡುವುದು ಕೊನೆಗೆ. ಮೊದಲು ನೋಡುವುದು ರೀಡಿಂಗ್. ಹಿಂದಿನದು 4300, ಈಗಿನದು 4612. ಅಂದರೆ 312 ಯೂನಿಟ್. ಅವರ ಮನೆಯಲ್ಲಿ ತಿಂಗಳಿಗೆ 140ರ ಆಸುಪಾಸು ಬರುತ್ತಿತ್ತಂತೆ. "ಹಿಂದಿನ ತಿಂಗಳ ಬಿಲ್ಲೂ ಕಳಿಸಿ" ಎಂದೆ. ಸುಳಿವು ಅದರಲ್ಲಿತ್ತು. ರೀಡಿಂಗ್ ತೆಗೆಯಲು ಬಂದ ದಿನ ಮನೆಗೆ ಬೀಗ ಹಾಕಿತ್ತು. ಹಾಗಾಗಿ ಅಂದಾಜಿಗೆ 90 ಯೂನಿಟ್ ಹಾಕಿದ್ದರು. ಬಿಟ್ಟುಹೋದದ್ದೆಲ್ಲ ಈ ತಿಂಗಳ ತಲೆಗೆ ಬಂದಿತ್ತು. ಎರಡೂ ತಿಂಗಳು ಸೇರಿದರೆ 402, ಅಂದರೆ ತಿಂಗಳಿಗೆ 201.

ಬಳಕೆ ಹೆಚ್ಚಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿ ಇರುವ ಕಡೆ ಇದು ಪೆಟ್ಟು ಕೊಡುತ್ತದೆ. ಮೊದಲ 100 ಯೂನಿಟ್‌ಗೆ ಒಂದು ದರ, ಮುಂದಿನ 100ಕ್ಕೆ ಹೆಚ್ಚು, 200 ದಾಟಿದ್ದಕ್ಕೆ ಇನ್ನೂ ಹೆಚ್ಚು ಎಂದುಕೊಳ್ಳಿ. 200 ದಾಟಿದರೆ ಅಷ್ಟೂ ಯೂನಿಟ್‌ಗೆ ದುಬಾರಿ ದರ ಬೀಳುವುದಿಲ್ಲ, ದಾಟಿದ ಭಾಗಕ್ಕೆ ಮಾತ್ರ. ಆದರೂ 312ರಲ್ಲಿ 112 ಯೂನಿಟ್ ಮೇಲಿನ ದರಕ್ಕೆ ಹೋಗಿದ್ದವು. ಎರಡು ತಿಂಗಳಿಗೆ ಸರಿಯಾಗಿ ಹಂಚಿದ್ದರೆ ಹೋಗುತ್ತಿದ್ದದ್ದು ಬರೀ 2. ಹಾಗಾಗಿ ಎರಡೂ ಬಿಲ್ ಜೋಡಿಸಿ, ಯೂನಿಟ್ ಹಂಚಿ ಮತ್ತೆ ಲೆಕ್ಕ ಹಾಕಿಕೊಡಿ ಎಂದು ಅರ್ಜಿ ಕೊಡಲು ಹೇಳಿದೆ.

ನಿಗದಿತ ಶುಲ್ಕ ಮಾತ್ರ ಎಂದಿನಷ್ಟೇ ಇತ್ತು. ಅದು ಮನೆಗೆ ಮಂಜೂರಾದ ಕಿಲೋವಾಟ್ ಮೇಲೆ ಬೀಳುವಂಥದ್ದು. ಒಂದು ಬಲ್ಬೂ ಹಚ್ಚದಿದ್ದರೂ ಕಟ್ಟಲೇಬೇಕು.

ಇಷ್ಟಾದರೂ ಲೆಕ್ಕ ಮುಗಿಯಲಿಲ್ಲ. 140ರಂತೆ ಎರಡು ತಿಂಗಳಿಗೆ 280 ಆಗಬೇಕಿತ್ತು, ಆದದ್ದು 402. ಉಳಿದ 122ನ್ನು 61 ದಿನಕ್ಕೆ ಹಂಚಿದರೆ ದಿನಕ್ಕೆ 2 ಯೂನಿಟ್. ಇಂಥ ಕಡೆ ಜನ ಮೀಟರನ್ನೇ ಬೈಯುತ್ತಾರೆ. ನನಗೆ ಮೊದಲು ಅನುಮಾನ ಬರುವುದು ಗೀಸರ್ ಮೇಲೆ.

ಮನೆಯಲ್ಲಿ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ ಪ್ಲಗ್ಗೂ ಕಿತ್ತು, ಮೀಟರಿನ ಕೆಂಪು ದೀಪ ನೋಡಲು ಹೇಳಿದೆ. ಮಿನುಗಲಿಲ್ಲ. ವೈರಿಂಗಿನಲ್ಲಿ ಸೋರಿಕೆ ಇಲ್ಲವೆಂದಾಯಿತು. ಆಮೇಲೆ ಗೀಸರ್ ಒಂದನ್ನೇ ಹಾಕಿಸಿದೆ. ಅವರ ಮೀಟರ್ ಮೇಲೆ 3200 imp/kWh ಎಂದು ಬರೆದಿತ್ತು, ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್. 2 ಕಿಲೋವಾಟ್ ಗೀಸರ್‌ಗೆ ನಿಮಿಷಕ್ಕೆ ಸುಮಾರು 107 ಸಲ ಮಿನುಗಬೇಕು. ಹೆಚ್ಚುಕಡಿಮೆ ಅಷ್ಟೇ ಬಂತು. ಮೀಟರ್ ಸರಿಯಾಗಿಯೇ ಇತ್ತು.

"ಗೀಸರ್ ಇಡೀ ದಿನ ಆನ್ ಇರುತ್ತಾ?"

"ಇರುತ್ತೆ. ನೀರು ಕಾದ ಮೇಲೆ ತಾನೇ ಆಫ್ ಆಗುತ್ತಲ್ವಾ?"

"ಬಿಸಿನೀರಿನ ನಲ್ಲಿ ಸೋರುತ್ತಾ?"

"ಸ್ವಲ್ಪ..."

ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು 28 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಬಹುದು. ನಿಮಿಷಕ್ಕೆ 40 ಮಿಲಿಲೀಟರ್ ಸೋರಿದರೂ ದಿನಕ್ಕೆ 57 ಲೀಟರ್ ಬಿಸಿನೀರು ಮೋರಿಗೆ ಹೋಗುತ್ತದೆ. ಅದೇ ಆ 2 ಯೂನಿಟ್. ಲೋಟ ಹಿಡಿದು ಅಳೆದರು, 38 ಮಿಲಿಲೀಟರ್ ಬಂತಂತೆ. ನಲ್ಲಿಯ ವಾಷರ್ ಬದಲಿಸಿದ ಫೋಟೊ ಮರುದಿನ ಬಂತು. ಅದಕ್ಕೂ ಒಂದು ಮಾತು ಬರೆದಿರಲಿಲ್ಲ.