ಚೌಕ ಎಣಿಸಿ, ಕಾಯಿಲೆಯ ಹೆಸರು ಆಮೇಲೆ

ಸಂಜೆ ಓಪಿಡಿ ಮುಗಿಯುವ ಹೊತ್ತಿಗೆ ಫೋನಿಗೆ ಒಂದು ಫೋಟೋ ಬಂತು. ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಕಳಿಸಿದ್ದು. ಗುಲಾಬಿ ಬಣ್ಣದ ಈಸಿಜಿ ಕಾಗದದ ಒಂದು ತುಂಡು, ಅದರಲ್ಲಿ ನಾಲ್ಕು ಬಡಿತ, ಮೂಲೆಯಲ್ಲಿ ಟೇಬಲ್ ಮೇಲಿನ ಸ್ಟೀಲ್ ಲೋಟ. ಕೆಳಗೆ ಒಂದೇ ಸಾಲು: ‘ಮೇಡಂ, ಇದು ಎಎಫ್ ಅಲ್ವಾ?’

ಎಎಫ್ ಎಂದರೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಮಿಡಿಯುವ ಬದಲು ಅದುರುತ್ತಿರುವ ಸ್ಥಿತಿ. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ‘ಇಡೀ ಹಾಳೆ, ನಾಲ್ಕೂ ಅಂಚು ಕಾಣುವ ಹಾಗೆ, ನೇರ ಮೇಲಿನಿಂದ ಇನ್ನೊಂದು ಫೋಟೋ ತೆಗಿಯಮ್ಮ. ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸು. ಆಮೇಲೆ ನೀನೇ ಎಣಿಸು. ಹೆಸರು ಬೇಡ, ಕಂಡದ್ದನ್ನು ಹೇಳು’ ಎಂದೆ.

ಡಾಕ್ಯುಮೆಂಟ್ ಆಗಿ ಏಕೆಂದರೆ, ಮಾಮೂಲಿ ಫೋಟೋ ಆಗಿ ಕಳಿಸಿದಾಗ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಮೊದಲು ಅಳಿಸಿಹೋಗುವುದೇ ಚಿಕ್ಕ ಚೌಕದ ಗೆರೆಗಳು, ಮತ್ತು ನಮ್ಮ ಎಣಿಕೆಗೆಲ್ಲ ಆಧಾರ ಅವೇ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡಿದ್ದರೆ ಒಂದು ಚಿಕ್ಕ ಚೌಕ 0.04 ಸೆಕೆಂಡ್. ಐದು ಚಿಕ್ಕ ಚೌಕ ಸೇರಿದ ಒಂದು ದೊಡ್ಡ ಚೌಕ 0.2 ಸೆಕೆಂಡ್. 30 ದೊಡ್ಡ ಚೌಕ ಎಂದರೆ 6 ಸೆಕೆಂಡ್.

ಆ ‘ಓಡಿದ್ದರೆ’ ಎಂಬ ಮಾತು ಮುಖ್ಯ. ವೇಗ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ `25 mm/s` ಎಂದು ಅಚ್ಚಾಗಿರುತ್ತದೆ. ಫೋಟೋ ತೆಗೆಯುವವರು ಮೊದಲು ಕತ್ತರಿಸುವುದೂ ಅದೇ ಅಂಚನ್ನು. ಯಂತ್ರವನ್ನು ಯಾರೋ 50ಕ್ಕೆ ಇಟ್ಟು ಮರೆತಿದ್ದರೆ ಎಲ್ಲವೂ ಎರಡರಷ್ಟು ಹಿಗ್ಗಿ ನಿಮಿಷಕ್ಕೆ 80 ಬಡಿಯುವ ಹೃದಯ 40ರಂತೆ ಕಾಣುತ್ತದೆ. ಅಂಚು ಸಿಗದಿದ್ದಾಗ ಸಾಲಿನ ತುದಿಯಲ್ಲಿರುವ ಬಾಗಿಲ ಚೌಕಟ್ಟಿನಂಥ ಅಳತೆಯ ಗುರುತನ್ನು ನೋಡುತ್ತೇನೆ. ಸಾಮಾನ್ಯವಾಗಿ ಅದು 0.2 ಸೆಕೆಂಡ್ ಅಗಲದ್ದು, ಹಾಗಾಗಿ 25ರ ವೇಗದಲ್ಲಿ ಒಂದು ದೊಡ್ಡ ಚೌಕ ಹಿಡಿಯಬೇಕು. ಅದೂ ಕಾಣದಿದ್ದರೆ ನನ್ನ ಉತ್ತರ ‘ವೇಗ 25 ಎಂದು ಭಾವಿಸಿದರೆ’ ಎಂದೇ ಶುರುವಾಗುತ್ತದೆ.

ಎರಡನೇ ಫೋಟೋ ಬಂತು. ಈ ಸಲ ಲೋಟ ಇರಲಿಲ್ಲ. `25 mm/s` ಕಾಣುತ್ತಿತ್ತು, ಕೆಳಗೆ ಹಾಳೆಯ ಉದ್ದಕ್ಕೂ ಸಾಗಿದ ಲೀಡ್ ಟು ಸಾಲೂ ಇತ್ತು. ಲೀಡ್ ಎಂದರೆ ಹೃದಯವನ್ನು ಒಂದು ಕೋನದಿಂದ ನೋಡಿ ಬರೆದ ಗೆರೆ. ಲಯ ನೋಡಲು ಬೇಕಾದದ್ದು ಈ ಉದ್ದನೆಯ ಸಾಲು. ಮೇಲಿನ ಮೂರು ಸಾಲುಗಳಲ್ಲಿ ಒಂದೊಂದು ಲೀಡ್‌ಗೆ ಸಿಗುವುದು ಎರಡೂವರೆ ಸೆಕೆಂಡ್ ಮಾತ್ರ. ಅಷ್ಟರಲ್ಲಿ ಎರಡೋ ಮೂರೋ ಅಂತರ ಸಿಕ್ಕರೆ ಹೆಚ್ಚು, ಅದನ್ನು ನೋಡಿ ಲಯದ ಬಗ್ಗೆ ಮಾತಾಡುವುದು ಒಂದು ಸಾಲು ಕೇಳಿ ತಾಳ ಹೇಳಿದ ಹಾಗೆ.

ಅವಳು ಮೊದಲು ಮಾಡಿದ್ದು ತರಬೇತಿಯಲ್ಲಿ ಕಲಿತ ಕಾಗದದ ಅಂಚಿನ ವಿಧಾನ. ಬಿಳಿ ಕಾಗದದ ಅಂಚಿನಲ್ಲಿ ಅಕ್ಕಪಕ್ಕದ ಎರಡು ಆರ್ ಅಲೆಗಳಿಗೆ, ಅಂದರೆ ಎದ್ದು ಕಾಣುವ ಚೂಪು ತುದಿಗಳಿಗೆ, ಗುರುತು ಹಾಕಿಕೊಂಡು ಅದನ್ನೇ ಮುಂದಕ್ಕೆ ಸರಿಸುತ್ತ ಹೋಗುವುದು. ಗುರುತು ಎಲ್ಲ ಕಡೆ ಕೂತರೆ ಲಯ ಕ್ರಮಬದ್ಧ. ಮೂಲ ಹಾಳೆ ಮುಂದಿದ್ದಾಗ ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಫೋನ್ ಪರದೆಯ ಮೇಲೆ ಇದು ಕೈಕೊಡುತ್ತದೆ. ಫೋನ್ ಒಂದಿಷ್ಟು ವಾಲಿದ್ದರೂ ಹಾಳೆಯ ಹತ್ತಿರದ ತುದಿ ದೊಡ್ಡದಾಗಿ, ದೂರದ ತುದಿ ಸಣ್ಣದಾಗಿ ಬರುತ್ತದೆ. ಆಗ ಸಮನಾಗಿ ಬಡಿಯುವ ಹೃದಯವೂ ಬಲಕ್ಕೆ ಹೋಗುತ್ತ ವೇಗ ಹೆಚ್ಚಿಸಿಕೊಂಡಂತೆ ಕಾಣುತ್ತದೆ. ಚೌಕಗಳಿಗೆ ಈ ಮೋಸ ಗೊತ್ತಿಲ್ಲ. ಅಲೆ ಎಷ್ಟು ಕುಗ್ಗಿದೆಯೋ ಅದರ ಹಿಂದಿನ ಚೌಕವೂ ಅಷ್ಟೇ ಕುಗ್ಗಿರುತ್ತದೆ. ಹಾಗಾಗಿ ಫೋಟೋದಲ್ಲಿ ಉದ್ದ ಅಳೆಯಬಾರದು, ಆಯಾ ಜಾಗದಲ್ಲೇ ಚೌಕ ಎಣಿಸಬೇಕು.

ಎಣಿಸಿದಳು. ಎಡಗಡೆಯ 30 ದೊಡ್ಡ ಚೌಕಗಳಲ್ಲಿ ಗೆರೆ ಸ್ಪಷ್ಟವಾಗಿತ್ತು, ಬಲತುದಿ ಮಸುಕು. ಸ್ಪಷ್ಟವಿದ್ದ ಭಾಗದಲ್ಲಿ ಎಂಟು ಆರ್ ಅಲೆ. ಅವುಗಳ ನಡುವಿನ ಏಳು ಅಂತರಗಳು ಚಿಕ್ಕ ಚೌಕಗಳ ಲೆಕ್ಕದಲ್ಲಿ ಹೀಗಿದ್ದವು: 17, 22, 14, 26, 19, 15, 21.

ಕ್ರಮಬದ್ಧ ಎನ್ನಲು ನಾನು ಇಟ್ಟುಕೊಂಡಿರುವ ಗೆರೆ ಮೂರು ಚಿಕ್ಕ ಚೌಕ, ಅಂದರೆ 0.12 ಸೆಕೆಂಡ್. ಅತಿ ಚಿಕ್ಕ ಅಂತರಕ್ಕೂ ಅತಿ ದೊಡ್ಡದಕ್ಕೂ ಅಷ್ಟರೊಳಗೆ ವ್ಯತ್ಯಾಸವಿದ್ದರೆ ‘ಹೆಚ್ಚು ಕಡಿಮೆ ಕ್ರಮಬದ್ಧ’ ಎನ್ನುತ್ತೇನೆ. ಬಡಿತ ತುಂಬ ವೇಗವಾಗಿದ್ದಾಗ ಇದೇ ಗೆರೆ ಸಡಿಲವಾಗುತ್ತದೆ, ಹತ್ತು ಚೌಕದ ಅಂತರದಲ್ಲಿ ಮೂರು ಚೌಕ ಸಣ್ಣ ಮಾತಲ್ಲ. ಇಲ್ಲಿ ಆ ತಕರಾರೇ ಇಲ್ಲ. 14 ಎಲ್ಲಿ, 26 ಎಲ್ಲಿ! ಹನ್ನೆರಡು ಚೌಕದ ವ್ಯತ್ಯಾಸ.

ಮುಂದಿನ ಪ್ರಶ್ನೆ, ಈ ಏರುಪೇರಿಗೆ ವಿನ್ಯಾಸ ಇದೆಯೇ ಎಂಬುದು. ಖಂಡ ಛಾಪು ತಾಳದಲ್ಲಿ ಪೆಟ್ಟುಗಳ ನಡುವಿನ ಅಂತರ ಸಮವಲ್ಲ, ಎರಡು ಆಮೇಲೆ ಮೂರು, ಆದರೂ ಅದು ಮರಳಿ ಮರಳಿ ಹಾಗೇ ಬರುತ್ತದೆ. ಕೆಲವರ ಈಸಿಜಿಯೂ ಹಾಗೆ: ಒಂದು ಗಿಡ್ಡ ಅಂತರ, ಒಂದು ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಅಥವಾ ಉಸಿರಿನ ಜೊತೆ ನಿಧಾನವಾಗಿ ಹತ್ತಿರ ಬಂದು ದೂರ ಸರಿಯುತ್ತದೆ. ಅಂಥದ್ದನ್ನು ‘ಸಮವಲ್ಲ, ಆದರೆ ವಿನ್ಯಾಸವಿದೆ’ ಎಂದು ಬರೆಯಬೇಕು. ಅವಳ ಏಳು ಅಂಕಿಗಳನ್ನು ಎರಡೆರಡಾಗಿ, ಮೂರುಮೂರಾಗಿ ಕೂಡಿಸಿ ನೋಡಿದರೂ ಯಾವುದೂ ಮರುಕಳಿಸಲಿಲ್ಲ. ‘ವಿನ್ಯಾಸ ಇಲ್ಲ’ ಎಂದು ಬರೆದಳು. ‘ಈ ತುಂಡಿನಲ್ಲಿ ಕಾಣಲಿಲ್ಲ’ ಎಂದು ತಿದ್ದಿಸಿದೆ. ಆರು ಸೆಕೆಂಡಿನ ಸಾಕ್ಷಿ ಆರು ಸೆಕೆಂಡಿಗಷ್ಟೇ.

ಏರುಪೇರು ಹೃದಯದ್ದೋ ಯಂತ್ರದ್ದೋ ಎಂಬ ಅನುಮಾನವನ್ನೂ ಒಮ್ಮೆ ತೀರಿಸಿಕೊಳ್ಳಬೇಕು. ಹಳೆಯ ಯಂತ್ರದಲ್ಲಿ ರೋಲರ್ ಜಾರಿದರೆ ಮೊದಲೇ ಚೌಕ ಅಚ್ಚಾದ ಕಾಗದ ತಡೆತಡೆದು ಓಡುತ್ತದೆ, ಅಂತರಗಳು ಸುಳ್ಳೇ ಹೆಚ್ಚು ಕಡಿಮೆಯಾಗುತ್ತವೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಕಾಗದ ತಡೆದ ಜಾಗದಲ್ಲಿ ಅಂತರದ ಜೊತೆ ಅಲೆಗಳೂ ಇರುಕಿಕೊಂಡಿರುತ್ತವೆ. ಇವಳ ಹಾಳೆಯಲ್ಲಿ ಪ್ರತಿ ಬಡಿತದ ಆಕಾರವೂ ಅಗಲವೂ ಒಂದೇ ಇತ್ತು, ಬದಲಾದದ್ದು ನಡುವಿನ ಜಾಗ ಮಾತ್ರ.

ಇನ್ನು ಬಡಿತದ ಸಂಖ್ಯೆ. ಎಲ್ಲರಿಗೂ ಬಾಯಿಪಾಠವಾಗಿರುವುದು 300ರ ಸೂತ್ರ: ಎರಡು ಆರ್ ಅಲೆಗಳ ನಡುವೆ ಎಷ್ಟು ದೊಡ್ಡ ಚೌಕವೋ ಅದರಿಂದ 300 ಅನ್ನು ಭಾಗಿಸು. ಚಿಕ್ಕ ಚೌಕವಾದರೆ 1500 ಅನ್ನು ಭಾಗಿಸು. ಲಯ ಸಮವಾಗಿದ್ದಾಗ ಚೊಕ್ಕವಾದ ಲೆಕ್ಕ. ಇಲ್ಲಿ ಅದನ್ನು ಹಚ್ಚಿದರೆ ಏನಾಗುತ್ತದೆ ನೋಡಿ. 14 ಚೌಕದ ಅಂತರ ಆರಿಸಿಕೊಂಡವರಿಗೆ 107 ಬರುತ್ತದೆ, 26 ಆರಿಸಿಕೊಂಡವರಿಗೆ 58. ಒಂದೇ ಹಾಳೆ, ಒಂದೇ ಸೂತ್ರ. ವಾಟ್ಸಾಪ್ ಗುಂಪುಗಳಲ್ಲಿ ಇಬ್ಬರು ಡಾಕ್ಟರುಗಳು ಇಂಥ ಅಂಕಿ ಹಿಡಿದು ಜಗಳವಾಡಿದ್ದನ್ನೂ ಕಂಡಿದ್ದೇನೆ.

ಲಯ ಸಮವಿಲ್ಲದಾಗ ಅಂತರ ಬಿಟ್ಟು ಬಡಿತವನ್ನೇ ಎಣಿಸಬೇಕು. ಆರು ಸೆಕೆಂಡಿನಲ್ಲಿ ಎಂಟು, ಹತ್ತರಿಂದ ಗುಣಿಸಿದರೆ 80. ಏಳು ಅಂತರಗಳ ಮೊತ್ತ 134, ಸರಾಸರಿ 19ಕ್ಕೆ ತುಸು ಹೆಚ್ಚು, ಆ ದಾರಿಯಲ್ಲಿ ಹೋದರೆ 78. ಲೀಡ್ ಟು ಸಾಲು ಪೂರ್ತಿ 10 ಸೆಕೆಂಡಿನದು ಎಂದು ಯಂತ್ರದ ಸೆಟ್ಟಿಂಗ್ ನೋಡಿ ಖಚಿತ ಮಾಡಿಕೊಂಡಳು. ಮಸುಕು ಭಾಗದಲ್ಲಿ ಚೌಕ ಕಾಣದಿದ್ದರೂ ಚೂಪು ತುದಿಗಳು ಕಾಣುತ್ತಿದ್ದವು, ಒಟ್ಟು 13. ಆರರಿಂದ ಗುಣಿಸಿದರೆ ಮತ್ತೆ 78. ಮೂರೂ ದಾರಿ ಒಂದೇ ಊರಿಗೆ ಬಂದವು. ಆದರೂ ‘78’ ಎಂದು ಬರೆಯಬೇಡ ಎಂದೆ. ಆರು ಸೆಕೆಂಡಿನ ಅಂಚಿನಲ್ಲಿ ಒಂದು ಬಡಿತ ಒಳಗೆ ಬಂದರೂ ಹೊರಗೆ ಹೋದರೂ ಉತ್ತರ ಹತ್ತು ಬದಲಾಗುತ್ತದೆ. ‘ಸುಮಾರು 80’ ಸಾಕು, ಜೊತೆಗೆ ಅತಿ ಗಿಡ್ಡ ಮತ್ತು ಅತಿ ಉದ್ದ ಅಂತರ.

ಯಂತ್ರ ತಾನೇ ಅಚ್ಚು ಹಾಕುವ ಸಂಖ್ಯೆ ಇರುತ್ತದಲ್ಲ ಎನ್ನಬಹುದು. ಅದನ್ನು ನೋಡಿ, ನಂಬುವ ಮೊದಲು ಎಣಿಸಿ. ಬಡಿತದ ಹಿಂದೆ ಬರುವ ಟಿ ಅಲೆ ಎತ್ತರವಾಗಿದ್ದರೆ ಕೆಲವೊಮ್ಮೆ ಯಂತ್ರ ಅದನ್ನೂ ಇನ್ನೊಂದು ಬಡಿತವೆಂದು ಲೆಕ್ಕ ಹಾಕುತ್ತದೆ.

ಈಗ ಅವಳ ಮೊದಲ ಪ್ರಶ್ನೆಗೆ ಬರೋಣ. ಅಂತರಗಳು ಅಡ್ಡಾದಿಡ್ಡಿ, ಕ್ಯೂಆರ್‌ಎಸ್, ಅಂದರೆ ಆರ್ ಅಲೆಯಿರುವ ಚೂಪು ಗುಂಪಿನ ಮುಂದೆ, ಮೇಲಿನ ಕೋಣೆಗಳ ಮಿಡಿತ ತೋರಿಸುವ ಪಿ ಅಲೆ ಕಾಣುತ್ತಿಲ್ಲ. ಎಎಫ್ ಎನ್ನಲು ಇನ್ನೇನು ಬೇಕು? ಅಡಚಣೆ ‘ಕಾಣುತ್ತಿಲ್ಲ’ ಎಂಬಲ್ಲಿದೆ. ಪಿ ಅಲೆ ಚಿಕ್ಕದು, ಎಷ್ಟೋ ಸಲ ಎತ್ತರ ಒಂದೆರಡು ಚಿಕ್ಕ ಚೌಕ ಅಷ್ಟೆ. ಮಸುಕು ಫೋಟೋದಲ್ಲಿ ಅದು ಇಲ್ಲವೋ, ಅಳಿಸಿಹೋಗಿದೆಯೋ ಹೇಳಲಾಗದು. ರೋಗಿಯ ಕೈ ನಡುಗುತ್ತಿದ್ದರೆ ತಳದ ಗೆರೆಯೂ ನಡುಗುತ್ತದೆ. ನಡುನಡುವೆ ಅವಧಿಗೆ ಮುಂಚೆ ಬರುವ ಬಡಿತಗಳು ಹೆಚ್ಚಾಗಿದ್ದರೂ ಅಂತರಗಳು ಹೀಗೇ ಚೆಲ್ಲಾಪಿಲ್ಲಿಯಾಗುತ್ತವೆ. ಬಿಡಿಸಿ ಹೇಳಲು ಹನ್ನೆರಡೂ ಲೀಡ್‌ಗಳ ಸ್ಪಷ್ಟ ಹಾಳೆ ಬೇಕು, ರೋಗಿಯನ್ನು ಮುಟ್ಟಿ ನೋಡಬೇಕು. ಹೆಸರು ಒಮ್ಮೆ ಬಾಯಿಂದ ಬಿತ್ತೆಂದರೆ ಮನೆಯವರಿಗೆ ಅದೇ ರೋಗ, ಮತ್ತು ಪಕ್ಕದ ಮನೆಯಲ್ಲಿ ಅದೇ ಹೆಸರಿನ ಕಾಯಿಲೆಗೆ ಯಾರೋ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತಾರೆ.

ಇದರ ಇನ್ನೊಂದು ಮುಖವನ್ನು ಹೆಚ್ಚಿನವರು ಮರೆಯುತ್ತಾರೆ. ‘ನಾರ್ಮಲ್’ ಎನ್ನುವುದೂ ರೋಗನಿರ್ಣಯವೇ. ಸೋದರಮಾವನ ಈಸಿಜಿ ನೋಡಿ ‘ಸಮವಾಗಿದೆ, 75 ಇದೆ, ಏನೂ ಇಲ್ಲ ಬಿಡಿ’ ಎಂದರೆ ಮೊದಲೆರಡು ಮಾತು ವರ್ಣನೆ, ಮೂರನೆಯದು ತೀರ್ಪು. ಹೃದಯಾಘಾತದ ಮಧ್ಯೆ ಇರುವವರ ಲಯವೂ ಸಮವಾಗಿ 75ರಲ್ಲಿ ನಡೆಯುತ್ತಿರಬಹುದು. ಆ ಸುದ್ದಿ ಇರುವುದು ಲಯದಲ್ಲಲ್ಲ, ಬೇರೆ ಗೆರೆಗಳಲ್ಲಿ, ಕೆಲವೊಮ್ಮೆ ಮೊದಲ ಹಾಳೆಯಲ್ಲಿ ಇರುವುದೂ ಇಲ್ಲ. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತಿ ಬೀಳುವುದು ಇದ್ದರೆ ಚೌಕ ಎಣಿಸುತ್ತ ಕೂರುವ ಹೊತ್ತಲ್ಲ ಅದು, 108ಕ್ಕೆ ಫೋನ್ ಮಾಡಬೇಕು.

ಇವಳ ರೋಗಿಗೆ ಅಂಥದ್ದೇನೂ ಇರಲಿಲ್ಲ. ಬಿಪಿ ಮಾತ್ರೆಗೆ ಬಂದ ಅರವತ್ತೆಂಟರ ರೈತ. ನಾಡಿ ಹಿಡಿದಾಗ ಏರುಪೇರು ಅನ್ನಿಸಿ ಅವಳೇ ಈಸಿಜಿ ತೆಗೆದಿದ್ದಳು. ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸು ಎಂದೆ. ಲಯ ಸಮವಿಲ್ಲದಾಗ ಬೇಗ ಬಂದ ಕೆಲವು ಬಡಿತಗಳು ಕೈವರೆಗೆ ತಲುಪುವುದಿಲ್ಲ, ಆ ವ್ಯತ್ಯಾಸ ನೋಡುವ ವೈದ್ಯರಿಗೆ ಬೇಕು. ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಅವಳು ಬರೆದ ಚೀಟಿ ಹೀಗಿತ್ತು:

‘ಲೀಡ್ ಟು, ವೇಗ 25. ಸ್ಪಷ್ಟವಿರುವ 6 ಸೆಕೆಂಡಿನಲ್ಲಿ 8 ಬಡಿತ, ನಿಮಿಷಕ್ಕೆ ಸುಮಾರು 80. ಅಂತರ 14ರಿಂದ 26 ಚಿಕ್ಕ ಚೌಕ. ಸಮವಿಲ್ಲ, ಈ ತುಂಡಿನಲ್ಲಿ ಮರುಕಳಿಸುವ ವಿನ್ಯಾಸ ಕಾಣಲಿಲ್ಲ. ಬಡಿತಗಳ ಆಕಾರ ಒಂದೇ. ಪಿ ಅಲೆ ಇದೆಯೋ ಇಲ್ಲವೋ ಫೋಟೋದಲ್ಲಿ ತಿಳಿಯುತ್ತಿಲ್ಲ. ನಾಡಿ 72, ಏರುಪೇರು. ಬಿಪಿ 138/84. ಎದೆನೋವು, ಉಸಿರಾಟದ ತೊಂದರೆ ಇಲ್ಲ.’

ಮೂಲ ಹಾಳೆಯನ್ನು ಝೆರಾಕ್ಸ್ ಮಾಡಿಸಿ ಅದನ್ನೂ ಅಜ್ಜನ ಕೈಗೆ ಕೊಟ್ಟು ಕಳಿಸು ಎಂದೆ. ಶಾಖದಲ್ಲಿ ಅಚ್ಚಾಗುವ ಆ ಕಾಗದ ಬಸ್ಸಿನ ಬಿಸಿಗೆ, ಅಂಗಿ ಜೇಬಿನ ಬೆವರಿಗೆ ಬೇಗ ಹಾಳಾಗುತ್ತದೆ.