ಪಾದಯಾತ್ರೆಗೆ ಮುನ್ನ ಕಾಲ್ಬೆರಳು ಮುಟ್ಟಿ ನೋಡಿ

ಶಿವರಾತ್ರಿಗೆ ಎರಡು ತಿಂಗಳು ಇದೆ ಎನ್ನುವಾಗಲೇ ನಮ್ಮ ಪಾದ ಚಿಕಿತ್ಸೆಯ ಕ್ಲಿನಿಕ್ಕಿಗೆ ಒಂದು ಪ್ರಶ್ನೆ ಬರಲು ಶುರುವಾಗುತ್ತದೆ. "ಡಾಕ್ಟ್ರೇ, ಧರ್ಮಸ್ಥಳಕ್ಕೆ ನಡ್ಕೊಂಡು ಹೋಗ್ತಿದೀನಿ. ಯಾವ ಚಪ್ಪಲಿ ತಗೊಳ್ಳಲಿ?" ಬೆಂಗಳೂರಿನಿಂದ ಹೆಚ್ಚೂಕಡಿಮೆ 300 ಕಿಲೋಮೀಟರ್ ದಾರಿ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಹಲವರು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ದಿನಕ್ಕೆ 30ರಿಂದ 40 ಕಿಲೋಮೀಟರ್ ನಡಿಗೆ, ಅದೂ ಬಿಸಿಲು ಏರುತ್ತಿರುವ ಕಾಲದಲ್ಲಿ.

ಚಪ್ಪಲಿಯ ಮಾತಿಗೆ ಬರುವ ಮೊದಲು ನಾನು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳುತ್ತೇನೆ. ನನ್ನ ತೋರುಬೆರಳಿನ ತುದಿಯಿಂದ ಅವರ ಕಾಲ್ಬೆರಳಿನ ತುದಿಯನ್ನು ಹಗುರವಾಗಿ ಮುಟ್ಟುತ್ತೇನೆ. ಒಂದೆರಡು ಸೆಕೆಂಡು ಅಷ್ಟೇ. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಜಾಗ. ಮುಟ್ಟಿದಾಗಲೆಲ್ಲ ಅವರು "ಬಲ" ಅಥವಾ "ಎಡ" ಅನ್ನಬೇಕು. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಸಲ ಗೊತ್ತಾಗದೇ ಹೋದರೆ ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದೆ ಎಂದರ್ಥ. ಇದನ್ನು ಮನೆಯಲ್ಲೇ ಮಾಡಬಹುದು. ಹೆಂಡತಿ ಗಂಡನಿಗೆ, ಮಗಳು ಅಪ್ಪನಿಗೆ ಮಾಡಬಹುದು. ಸಕ್ಕರೆ ಕಾಯಿಲೆ ಇರುವವರು ಯಾರೇ ಪಾದಯಾತ್ರೆಗೆ ಹೊರಟರೂ ಮೊದಲು ಇದೊಂದು ಆಗಲೇಬೇಕು.

ಯಾಕೆಂದರೆ ಉಳಿದ ತಯಾರಿಯೆಲ್ಲ ಈ ಉತ್ತರದ ಮೇಲೆ ನಿಂತಿದೆ. ಸ್ಪರ್ಶ ಸರಿಯಾಗಿರುವ ಕಾಲಿಗೆ ನೋವೇ ಕಾವಲು. ಕಲ್ಲು ಚುಚ್ಚಿದರೆ ಹೆಜ್ಜೆ ತಾನಾಗಿ ಬದಲಾಗುತ್ತದೆ, ರಸ್ತೆ ಸುಟ್ಟರೆ ಕಾಲು ಪಕ್ಕಕ್ಕೆ ಹೋಗುತ್ತದೆ. ಸ್ಪರ್ಶ ಹೋದ ಕಾಲು ಅದೇ ಜಾಗದ ಮೇಲೆ ಅದೇ ಭಾರವನ್ನು ಸಾವಿರ ಸಲ ಹಾಕುತ್ತದೆ. ಸಂಜೆ ಕಾಲು ತೊಳೆಯುವಾಗ ನೀರಿನಲ್ಲಿ ರಕ್ತ ಕಂಡಾಗಲೇ ಅವರಿಗೆ ತಿಳಿಯುವುದು.

ಕಾಮಾಕ್ಷಿಪಾಳ್ಯದಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬರು ಹೀಗೆಯೇ ಬಂದಿದ್ದರು. ವಯಸ್ಸು 52, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮಗಳ ಹೆರಿಗೆ ಸುಸೂತ್ರವಾದರೆ ಬರಿಗಾಲಲ್ಲಿ ಮಂಜುನಾಥನ ಸನ್ನಿಧಿಗೆ ಬರುತ್ತೇನೆ ಅಂತ ಹರಕೆ ಹೊತ್ತಿದ್ದರು. ಆರರಲ್ಲಿ ಮೂರು ಸ್ಪರ್ಶ ಅವರಿಗೆ ಗೊತ್ತಾಗಲಿಲ್ಲ. ಎಡಗಾಲಿನಲ್ಲಿ, ಎರಡನೇ ಬೆರಳಿನ ಬುಡಕ್ಕೆ ಅಂಗಾಲಿನಲ್ಲಿ, ಗಟ್ಟಿ ಚರ್ಮ ಬೆಳೆದಿತ್ತು. ಪಾದದ ನಾಡಿ ಎರಡೂ ಕಡೆ ಚೆನ್ನಾಗಿ ಸಿಕ್ಕಿತು, ಹಿಂದೆ ಎಂದೂ ಹುಣ್ಣಾಗಿರಲಿಲ್ಲ. ಇವೆರಡರಲ್ಲಿ ಒಂದು ಸರಿಯಿಲ್ಲದಿದ್ದರೂ ನಡೆಯುವುದೇ ಬೇಡ ಅಂತ ಹೇಳಿಬಿಡುತ್ತಿದ್ದೆ. ಇವರಿಗೆ ನಡೆಯಿರಿ ಅಂದೆ, ಆದರೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ ಅಂದೆ.

ಅವರಿಗೆ ಬಹಳ ಬೇಸರವಾಯಿತು. "ಬರಿಗಾಲಲ್ಲಿ ನಡೆದು ನಡೆದು ಚರ್ಮ ಗಟ್ಟಿ ಮಾಡ್ಕೋತೀನಿ ಡಾಕ್ಟ್ರೇ" ಅಂದರು. ಆರೋಗ್ಯವಾಗಿರುವ ಕಾಲಿಗೆ ಈ ಮಾತು ನಿಜ. ಆರೆಂಟು ವಾರ ಸ್ವಲ್ಪ ಸ್ವಲ್ಪವೇ, ಮೊದಲು ಮಣ್ಣಿನ ಮೇಲೆ, ಆಮೇಲೆ ಟಾರು ರಸ್ತೆಯ ಮೇಲೆ ನಡೆದರೆ ಅಂಗಾಲು ದಪ್ಪವಾಗುತ್ತದೆ, ಸ್ಪರ್ಶವೂ ಉಳಿಯುತ್ತದೆ. ಸ್ಪರ್ಶ ಹೋದ ಕಾಲಿನಲ್ಲಿ ಹಾಗಲ್ಲ. ಅಲ್ಲಿ ಗಟ್ಟಿ ಚರ್ಮವೇ ಒಳಗಿನ ಮೆದು ಭಾಗವನ್ನು ಒತ್ತುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ಹುಣ್ಣು ಆಗಿರುತ್ತದೆ. ಹಾಗಾಗಿ ಇಂಥವರ ಗಟ್ಟಿ ಚರ್ಮವನ್ನು ಹೊರಡುವ ಮೊದಲು ನಾವು ಕ್ಲಿನಿಕ್ಕಿನಲ್ಲಿ ಬ್ಲೇಡಿನಿಂದ ತೆಳ್ಳಗೆ ಹೆರೆದು ತೆಗೆಯುತ್ತೇವೆ. ಮನೆಯಲ್ಲಿ ಬ್ಲೇಡು ಹಿಡಿಯಬೇಡಿ. ಆಣಿಗೆ ಹಚ್ಚುವ ಪಟ್ಟಿಯೂ ಬೇಡ, ಅದರಲ್ಲಿರುವ ಆಮ್ಲ ಪಕ್ಕದ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಮನೆಗೆ ಹೋಗಿ ತಮ್ಮ ಊರಿನ ಅರ್ಚಕರನ್ನು ಕೇಳಿಕೊಂಡು ಮತ್ತೆ ಬಂದರು. ಚಪ್ಪಲಿ ಹಾಕಿಕೊಂಡೇ ನಡೆಯಿರಿ, ಹರಕೆಗೆ ಏನೂ ಕುಂದಿಲ್ಲ ಅಂದಿದ್ದರಂತೆ. ಆ ಅರ್ಚಕರಿಗೆ ನಾನು ನಿಜಕ್ಕೂ ಋಣಿ. ವೈದ್ಯರ ಮಾತಿಗಿಂತ ಆ ಮಾತು ಅವರಿಗೆ ನೆಮ್ಮದಿ ಕೊಟ್ಟಿತು.

ಈಗ ಚಪ್ಪಲಿಯ ವಿಷಯ. ಜನ ಹೆಚ್ಚಾಗಿ ಹೊರಡುವುದು ಹವಾಯಿ ಚಪ್ಪಲಿಯಲ್ಲಿ. ಹಗುರ, ಬೇಗ ಒಣಗುತ್ತದೆ, ದಾರಿಯ ಗುಡಿಗಳ ಮುಂದೆ ಬಿಚ್ಚುವುದು ಸುಲಭ. ಆದರೆ ಅದಕ್ಕೆ ಹಿಂದೆ ಹಿಡಿತವಿಲ್ಲ. ಅದು ಜಾರದಂತೆ ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಬಿಗಿಹಿಡಿಯಬೇಕು. ಬೆರಳಿನ ಬುಡದ ಮೇಲೆ ಭಾರ ಜಾಸ್ತಿಯಾಗುತ್ತದೆ. ಉಂಗುಷ್ಟ ಬೆರಳ ಸಂದಿಯನ್ನು ಕೊರೆಯುತ್ತದೆ. ಸ್ಪರ್ಶ ಇಲ್ಲದವರ ಕಾಲಿಂದ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ಒಂದಷ್ಟು ದೂರ ಹೋಗಿರುತ್ತಾರೆ.

ಅಂಥವರಿಗೆ ನಾವು ಬರೆದುಕೊಡುವುದು ಎಂಸಿಆರ್ ಸ್ಯಾಂಡಲ್. ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆಯ ರಬ್ಬರು ಅದು. ಕುಷ್ಠರೋಗದಿಂದ ಪಾದ ಜೋಮು ಹಿಡಿದವರಿಗಾಗಿ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಮೇಲೆ ಸುಮಾರು 10 ಮಿಲಿಮೀಟರ್ ಮೆತ್ತನೆಯ ಪದರ, ಕೆಳಗೆ ಮುಳ್ಳು ಗಾಜು ತೂರದಂಥ ಗಟ್ಟಿ ರಬ್ಬರಿನ ಅಟ್ಟೆ. ಪಟ್ಟಿಗಳನ್ನು ರೆಕ್ಸಿನ್‌ನಲ್ಲಿ ಮಾಡಿಸಬಹುದು. ತೊಗಲು ಮುಟ್ಟದೆ ನಡೆಯುವ ವ್ರತದವರಿಗೂ ಆಗ ತೊಂದರೆಯಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಮೇಲಿನ ಪದರ ತಗ್ಗಬೇಕು, ಬಿಟ್ಟರೆ ಮೇಲೇಳಬೇಕು. ಎರಡೂ ತುದಿ ಹಿಡಿದು ಬಗ್ಗಿಸಿದರೆ ಬೆರಳು ಬಗ್ಗುವ ಜಾಗದಲ್ಲಿ ಮಾತ್ರ ಬಗ್ಗಬೇಕು, ನಡುವೆ ಮಡಚಿಕೊಂಡರೆ ಬೇಡ. ಉಂಗುಷ್ಟ ಇರಬಾರದು. ಮುಂದೆ ಎರಡು ಅಗಲ ಪಟ್ಟಿ, ಹಿಮ್ಮಡಿಯ ಹಿಂದೆ ಒಂದು ಪಟ್ಟಿ, ಮೂರಕ್ಕೂ ವೆಲ್ಕ್ರೋ. ಮೊಳೆ ಹೊಡೆದಿದ್ದರೆ ಮುಟ್ಟಲೇಬೇಡಿ. ರಬ್ಬರು ಸವೆದಂತೆ ಮೊಳೆ ಮೇಲೇಳುತ್ತದೆ. ಅಂಟಿಸಿ ಹೊಲಿದಿರಬೇಕು. ಅಳತೆಯನ್ನು ಸಂಜೆ ಹೊತ್ತು, ನಿಂತುಕೊಂಡು ತೆಗೆಸಿ. ದಿನವೆಲ್ಲ ಓಡಾಡಿದ ಪಾದ ಊದಿರುತ್ತದೆ, ಪಾದಯಾತ್ರೆಯ ಪಾದವೂ ಹಾಗೇ ಇರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ಹೊಸ ಸ್ಯಾಂಡಲನ್ನು ದಿನಸಿ ಅಂಗಡಿಯವರು ಮೊದಲ ದಿನ ತಮ್ಮ ಅಂಗಡಿಯಲ್ಲೇ ಅರ್ಧ ಗಂಟೆ ಹಾಕಿಕೊಂಡರು. ಬಿಚ್ಚಿದ ಮೇಲೆ ಕೆಂಪಾದ ಜಾಗ 20 ನಿಮಿಷದಲ್ಲಿ ಮಾಯವಾದರೆ ಸರಿ, ಉಳಿದರೆ ಅಲ್ಲಿ ಪಟ್ಟಿ ಅಥವಾ ಅಟ್ಟೆ ಒತ್ತುತ್ತಿದೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟು ಬೇಗ ಕಾಣದು. ಅದಕ್ಕೆ ಅಂಗೈಯ ಹಿಂಬದಿಯಿಂದ ಎರಡೂ ಪಾದದ ಒಂದೇ ಜಾಗವನ್ನು ಮುಟ್ಟಿ ಹೋಲಿಸಬೇಕು. ಒಂದು ಕಡೆ ಬಿಸಿ ಇದ್ದರೆ ಅದೇ ಸುಳಿವು. ಆಮೇಲೆ ದಿನಾ ಅರ್ಧ ಗಂಟೆ ಏರಿಸುತ್ತಾ ಹೋದರು. ನಾಲ್ಕನೇ ವಾರದಿಂದ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆಗೆ ಬೆಳಗಿನ ನಡಿಗೆ. ಏಳನೇ ವಾರದಲ್ಲಿ ಸತತ ಎರಡು ದಿನ 20 ಕಿಲೋಮೀಟರ್. ಸತತವಾಗಿ ಎರಡು ದಿನ ಎನ್ನುವುದು ಮುಖ್ಯ, ಒಂದು ದಿನದ ನಡಿಗೆ ಎರಡನೇ ದಿನದ ಪಾದವನ್ನು ತೋರಿಸುವುದಿಲ್ಲ ಅಲ್ವಾ?

ಎಣ್ಣೆಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಹೊರಡುವಾಗ ಹರಳೆಣ್ಣೆಯನ್ನೋ ವ್ಯಾಸಲೀನನ್ನೋ ಪಾದದ ತುಂಬಾ ಬಳಿದುಕೊಳ್ಳುವವರು ತುಂಬಾ ಜನ. ಮೊದಲ ಒಂದು ಗಂಟೆ ಜಾರುತ್ತದೆ, ನಿಜ. ಕೆಲವು ಗಂಟೆ ಕಳೆದ ಮೇಲೆ ಉಜ್ಜಾಟ ಮೊದಲಿಗಿಂತ ಜಾಸ್ತಿಯಾಗುತ್ತದೆ, ಜೊತೆಗೆ ಧೂಳು ಅಂಟುತ್ತದೆ. ಎಣ್ಣೆ ರಾತ್ರಿಗೆ ಇರಲಿ, ಹಿಮ್ಮಡಿ ಒಡಕಿಗೆ ಮಾತ್ರ. ಬೆರಳ ಸಂದಿಗೆ ಬೇಡವೇ ಬೇಡ. ಬೊಬ್ಬೆ ಏಳುವುದು ಮೇಲಿನ ತರಚಿನಿಂದಲ್ಲ. ಒದ್ದೆ ಚರ್ಮ ಚಪ್ಪಲಿಗೆ ಅಂಟಿ ನಿಂತಾಗ ಒಳಗಿನ ಎಲುಬು ಮುಂದಕ್ಕೆ ಹೋಗುತ್ತದೆ. ನಡುವಿನ ಪದರಗಳು ಎಳೆದಾಡಿ ಹರಿದು ನೀರು ತುಂಬುತ್ತದೆ. ಹಾಗಾಗಿ ಬೆವರು ಒರೆಸಿಕೊಳ್ಳುವುದು, ಪಟ್ಟಿ ತಾಗುವ ಜಾಗಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಪೇಪರ್ ಟೇಪನ್ನು ಸುಕ್ಕಿಲ್ಲದೆ ಅಂಟಿಸುವುದು, ಇವು ಎಣ್ಣೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಸ್ಪರ್ಶ ಸರಿಯಿದ್ದು ಬರಿಗಾಲಲ್ಲೇ ನಡೆಯುವವರು ಬಿಸಿಲಿನ ಲೆಕ್ಕ ಇಟ್ಟುಕೊಳ್ಳಬೇಕು. ಗಾಳಿ 35 ಡಿಗ್ರಿ ಇದ್ದರೂ ಮಧ್ಯಾಹ್ನದ ಡಾಂಬರು 55 ಡಿಗ್ರಿ ದಾಟಬಲ್ಲದು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ. ರಸ್ತೆ ಅಂಚಿನ ಬಿಳಿ ಗೆರೆ ಡಾಂಬರಿಗಿಂತ ತಂಪಾಗಿರುತ್ತದೆ. ಚೀಲದಲ್ಲಿ ಒಂದು ಜೊತೆ ಚಪ್ಪಲಿ ಇರಲೇಬೇಕು.

ನಮ್ಮ ಅಂಗಡಿಯವರ ಜೊತೆ ಮಗ ಹೋಗಿದ್ದ. ದಿನಾ ಸಂಜೆ ಟಾರ್ಚ್ ಹಿಡಿದು ಅಪ್ಪನ ಅಂಗಾಲು, ಬೆರಳ ಸಂದಿ, ಹಿಮ್ಮಡಿ ನೋಡುವುದು ಅವನ ಕೆಲಸ. ಮೂರನೇ ಸಂಜೆ ಬೆಳ್ಳೂರು ಕ್ರಾಸ್ ಹತ್ತಿರ ಎಡಗಾಲಿನ ಕಿರುಬೆರಳ ಪಕ್ಕ ಬಿಸಿ ಸಿಕ್ಕಿತು. ನೋವು ಮಾತ್ರ ಚೂರೂ ಇರಲಿಲ್ಲ. ಫೋಟೋ ಕಳಿಸಿದ. ಪಾದ ಊದಿದ್ದರೂ ವೆಲ್ಕ್ರೋವನ್ನು ಬೆಳಿಗ್ಗೆ ಹಾಕಿದಷ್ಟೇ ಬಿಗಿಯಾಗಿ ಬಿಟ್ಟಿದ್ದರು. ಮರುದಿನ ನಡೆಯಬೇಡಿ, ಗಾಡಿಯಲ್ಲಿ ಹೋಗಿ ಅಂದೆ. ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಅದರ ಮರುದಿನ ಬಿಸಿ ಇಳಿದಿತ್ತು. ಅಲ್ಲಿಂದ ಮುಂದೆ ಎರಡು ಗಂಟೆಗೊಮ್ಮೆ ಕೂತು, ಸ್ಯಾಂಡಲ್ ಬಿಚ್ಚಿ, ಒಳಗೆ ಕಲ್ಲು ಇದೆಯಾ ಅಂತ ಕೈಯಾಡಿಸಿ, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಮಾಡಿ ಹಾಕಿಕೊಂಡರು. ಚಾರ್ಮಾಡಿ ಇಳಿಯುವಾಗ ಮಾತ್ರ ಹಿಂದಿನ ಪಟ್ಟಿಯನ್ನು ತುಸು ಬಿಗಿ ಮಾಡಬೇಕು. ಇಳಿಜಾರಿನಲ್ಲಿ ಪಾದ ಮುಂದೆ ಜಾರಿದರೆ ಉಗುರು ಕಪ್ಪಾಗುತ್ತದೆ.

ತಂಗುವ ಜಾಗಗಳಲ್ಲಿ ಸೇವೆ ಮಾಡುವವರು ಪ್ರೀತಿಯಿಂದ ಬಿಸಿನೀರು ಉಪ್ಪು ಕೊಡುತ್ತಾರೆ. ಸ್ಪರ್ಶ ಇಲ್ಲದ ಕಾಲನ್ನು ಅದರಲ್ಲಿ ಇಡಬೇಡಿ. ನೀರು ಎಷ್ಟು ಸುಡುತ್ತಿದೆ ಎಂದು ಆ ಕಾಲಿಗೆ ತಿಳಿಯುವುದಿಲ್ಲ, ಸುಟ್ಟ ಬೊಬ್ಬೆಗಳನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಸಾಧಾರಣ ನೀರಲ್ಲಿ ತೊಳೆದು ಒರೆಸಿದರೆ ಸಾಕು. ಬೊಬ್ಬೆ ಎದ್ದರೆ ಅದರ ಮೇಲಿನ ಚರ್ಮವನ್ನು ಯಾರೂ ಕತ್ತರಿಸಬಾರದು, ಅದೇ ಅದರ ಬ್ಯಾಂಡೇಜು. ಸಕ್ಕರೆ ಕಾಯಿಲೆಯವರ ಬೊಬ್ಬೆಗೆ ಸೂಜಿ ಹಾಕುವುದೂ ಬೇಡ, ಶುದ್ಧ ಬಟ್ಟೆ ಕಟ್ಟಿ, ಭಾರ ಹಾಕದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ದೇವಸ್ಥಾನದೊಳಗೆ ಬರಿಗಾಲು ಅನಿವಾರ್ಯ. ಅದಕ್ಕೆ ಕಲ್ಲು ಕಾಯದ ಬೆಳಗಿನ ಹೊತ್ತಿನ ದರ್ಶನ ಆರಿಸಿಕೊಳ್ಳಿ ಅಂದಿದ್ದೆ, ಅವರು ಹಾಗೇ ಮಾಡಿದರು. ವಾಪಸು ಬಂದ ಮೇಲೂ ಮಗ ಎರಡು ವಾರ ಅಪ್ಪನ ಪಾದ ನೋಡುವುದನ್ನು ಬಿಡಲಿಲ್ಲ. ಗಟ್ಟಿ ಚರ್ಮದ ಕೆಳಗಿನ ರಕ್ತಗಂಟು ಕೆಲವು ದಿನ ಬಿಟ್ಟು ಕಪ್ಪು ಚುಕ್ಕೆಯಾಗಿ ಮೇಲೆ ಬರುತ್ತದೆ. ಇನ್ನೊಂದು ಅದಕ್ಕಿಂತ ಅಪಾಯದ್ದು. ಒಂದೇ ಪಾದ ಊದಿ, ಬಿಸಿಯಾಗಿ, ಕೆಂಪಾಗಿದ್ದು, ಗಾಯವೂ ಇಲ್ಲ, ನೋವೂ ಅಷ್ಟಿಲ್ಲ ಅನ್ನಿಸಿದರೆ ಒಳಗೆ ಎಲುಬು ಮುರಿಯುತ್ತಾ ಕುಸಿಯುತ್ತಿರಬಹುದು. ಉಳುಕಿರಬೇಕು ಅಂತ ತಿಕ್ಕಿಸಿಕೊಂಡು ಓಡಾಡಬೇಡಿ. ಆ ಪಾದ ನೆಲಕ್ಕೆ ಊರದೆ ಅದೇ ದಿನ ಡಾಕ್ಟರಿಗೆ ತೋರಿಸಿ.