ಕಾಯಿಲ್ ಜಾಗಕ್ಕೆ ಬೆಣಚುಕಲ್ಲು

ಎಟಿಮೆಗಾ328 ಮೈಕ್ರೋಕಂಟ್ರೋಲರ್ ಚಿಪ್ಪನ್ನು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿ ಬೆಣಚುಕಲ್ಲಿನ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಜೋಡಿಸುವವರೆಲ್ಲ ಅದರ ಎರಡು ಕಾಲಿನಿಂದಲೂ ಗ್ರೌಂಡಿಗೆ 22 ಪಿಕೋಫ್ಯಾರಡ್‌ನ ಒಂದೊಂದು ಕೆಪಾಸಿಟರ್ ಹಾಕುತ್ತಾರೆ. ಯಾಕೆ ಎಂದು ಕೇಳಿದರೆ ‘ಡೇಟಾಶೀಟ್‌ನಲ್ಲಿ ಹಾಗಿದೆ’ ಅನ್ನುವವರೇ ಹೆಚ್ಚು. ಆ ಜೋಡಿ ಕೆಪಾಸಿಟರ್‌ಗಳ ಮೂಲ ಹುಡುಕುತ್ತ ಹೋದರೆ ಮೊದಲ ಮಹಾಯುದ್ಧದ ಕಾಲದ ಅಮೆರಿಕದ ಟೆಲಿಫೋನ್ ಉದ್ಯಮಕ್ಕೆ ಹೋಗಿ ಮುಟ್ಟುತ್ತೇವೆ. ಆಗ ಅವುಗಳ ನಡುವೆ ಕ್ರಿಸ್ಟಲ್ ಇರಲಿಲ್ಲ, ತಾಮ್ರದ ತಂತಿಯ ಕಾಯಿಲ್ ಇತ್ತು.

1915ರಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್‌ನಿಂದ ಪ್ಯಾರಿಸ್‌ಗೆ ರೇಡಿಯೊ ಮೂಲಕ ಮನುಷ್ಯನ ಧ್ವನಿ ಕಳಿಸುವ ಪ್ರಯೋಗ ನಡೆಯಿತು. ಟೆಲಿಫೋನ್ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್‌ಗಳು ಅದಕ್ಕೆ ದುಡಿದಿದ್ದರು. ಅವರಲ್ಲಿ ರಾಲ್ಫ್ ಹಾರ್ಟ್ಲಿ ಒಬ್ಬರು, ಕೆನಡಾ ಮೂಲದ ಎಡ್ವಿನ್ ಕಾಲ್ಪಿಟ್ಸ್ ಇನ್ನೊಬ್ಬರು. ನಿರ್ವಾತ ವಾಲ್ವ್‌ನಿಂದ ನಿರಂತರ ಅಲೆ ಹುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಉತ್ತರ ಕೊಟ್ಟರು.

ಕಾಯಿಲ್ ಮತ್ತು ಕೆಪಾಸಿಟರ್ ಒಟ್ಟಿಗೆ ಸೇರಿದ ಜೋಡಿಗೆ ಟ್ಯಾಂಕ್ ಎನ್ನುತ್ತಾರೆ. ಒಮ್ಮೆ ಶಕ್ತಿ ಕೊಟ್ಟರೆ ಅದು ಎರಡರ ನಡುವೆ ಹೋಗಿಬರುತ್ತದೆ, ತಂತಿಯ ರೋಧದಲ್ಲಿ ಕರಗಿ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತದೆ. ನಿಲ್ಲದಂತೆ ನೋಡಿಕೊಳ್ಳಬೇಕಾದರೆ ಟ್ಯಾಂಕಿನಿಂದ ಒಂದು ಪಾಲು ಸಿಗ್ನಲ್ ತೆಗೆದು, ವಾಲ್ವ್‌ನಲ್ಲಿ ದೊಡ್ಡದು ಮಾಡಿ, ಸರಿಯಾದ ಹೊತ್ತಿಗೆ ಮತ್ತೆ ಟ್ಯಾಂಕಿಗೆ ಸುರಿಯಬೇಕು. ಆ ಪಾಲನ್ನು ಹಾರ್ಟ್ಲಿ ಕಾಯಿಲ್‌ನ ನಡುವಿನಿಂದ ಟ್ಯಾಪ್ ತೆಗೆದು ಪಡೆದರು. ಕಾಲ್ಪಿಟ್ಸ್ ಕಾಯಿಲ್ ಮುಟ್ಟಲಿಲ್ಲ. ಒಂದು ಕೆಪಾಸಿಟರ್ ಬದಲು ಎರಡನ್ನು ಸರಣಿಯಲ್ಲಿ ಇಟ್ಟು, ಅವು ಕೂಡುವ ಜಾಗದಿಂದ ಟ್ಯಾಪ್ ತೆಗೆದರು. 1918ರಲ್ಲಿ ಅರ್ಜಿ ಹಾಕಿದ ಅವರ ಪೇಟೆಂಟ್ ಕೈಗೆ ಬಂದದ್ದು 1927ರಲ್ಲಿ.

ಈ ಕೆಪಾಸಿಟರ್ ಟ್ಯಾಪ್‌ನಿಂದ ಆದ ದೊಡ್ಡ ಲಾಭ ಕಾಯಿಲ್ ಸುತ್ತುವ ಕೆಲಸ ಸರಳವಾದದ್ದಲ್ಲ. ವಾಲ್ವ್ ಇರಲಿ, ಇಂದಿನ ಟ್ರಾನ್ಸಿಸ್ಟರ್ ಇರಲಿ, ಅದರ ಒಳಗೇ ಒಂದಷ್ಟು ಕೆಪಾಸಿಟೆನ್ಸ್ ಇರುತ್ತದೆ, ಬಿಸಿಯಾದಂತೆ, ವೋಲ್ಟೇಜ್ ಏರಿಳಿದಂತೆ ಅದು ಬದಲಾಗುತ್ತದೆ. ಕಾಲ್ಪಿಟ್ಸ್ ಸರ್ಕ್ಯೂಟ್‌ನಲ್ಲಿ ಈ ಹುಳುಕು ಕೆಪಾಸಿಟೆನ್ಸ್ ದೊಡ್ಡ ಕೆಪಾಸಿಟರ್‌ಗಳ ಪಕ್ಕದಲ್ಲೇ ಬಂದು ಕೂರುತ್ತದೆ. ಆದ್ದರಿಂದ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ.

ಅಷ್ಟಾಗಿ ಅಂದರೆ ಎಷ್ಟು? ರೇಡಿಯೊ ಹವ್ಯಾಸಿಗಳಾದ ಹ್ಯಾಮ್‌ಗಳು ಬಳಸುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ ಇಂಥ ಅಲೆ ಹುಟ್ಟಿಸುವ ಸರ್ಕ್ಯೂಟ್, ಅಂದರೆ ಒಂದು ಆಸಿಲೇಟರ್ ಲೆಕ್ಕ ಹಾಕೋಣ. ಕಾಯಿಲ್ 1 ಮೈಕ್ರೋಹೆನ್ರಿ, ಕೆಪಾಸಿಟರ್‌ಗಳು 1000 ಪಿಕೋಫ್ಯಾರಡ್‌ನವು ಎರಡು. ಸರಣಿಯಲ್ಲಿ ಅವು 500 ಆಗುತ್ತವೆ.

```
f = 1 / (2π √(LC))
L = 1 µH, C = 500 pF  →  f ≈ 7.118 MHz
```

ಟ್ರಾನ್ಸಿಸ್ಟರ್‌ನ ಕೆಪಾಸಿಟೆನ್ಸ್ ಒಂದೇ ಒಂದು ಪಿಕೋಫ್ಯಾರಡ್ ಹೆಚ್ಚಾಯಿತು ಅನ್ನಿ. 1000 ಇದ್ದದ್ದು 1001 ಆಗುತ್ತದೆ, ಒಟ್ಟು ಕೆಪಾಸಿಟೆನ್ಸ್ 500ರಿಂದ 500.25ಕ್ಕೆ ಏರುತ್ತದೆ. ಫ್ರೀಕ್ವೆನ್ಸಿ ಸುಮಾರು 1780 ಹರ್ಟ್ಸ್ ಕೆಳಗಿಳಿಯುತ್ತದೆ. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಪ್ರಸಾರ ವಿಧಾನದಲ್ಲಿ ಮಾತಾಡುವಾಗ ನೂರು ಹರ್ಟ್ಸ್ ತಪ್ಪಿದರೇ ಧ್ವನಿಯ ಬಣ್ಣ ಬದಲಾಗುತ್ತದೆ. 1780 ತಪ್ಪಿದರೆ ಎದುರಿನವರು ಹೇಳಿದ ಒಂದಕ್ಷರವೂ ತಿಳಿಯುವುದಿಲ್ಲ. ಕಾಯಿಲ್ ಸುಮ್ಮನಿದ್ದೀತು ಎಂದೂ ಹೇಳುವಂತಿಲ್ಲ. ಹವ್ಯಾಸಿಗಳ ಮೆಚ್ಚಿನ ಹಳದಿ ಬಣ್ಣದ ಕಬ್ಬಿಣಪುಡಿ ಬಳೆಯ ಮೇಲೆ ಸುತ್ತಿದ ಕಾಯಿಲ್, ಅಂದರೆ ಟೊರಾಯ್ಡ್‌ನ ಇಂಡಕ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ 35 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 35 ಪಾಲು ಏರುತ್ತದೆ. ಫ್ರೀಕ್ವೆನ್ಸಿಗೆ ಅದರ ಅರ್ಧ ತಟ್ಟುತ್ತದೆ. ಡಬ್ಬಿಯೊಳಗೆ ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು 1250 ಹರ್ಟ್ಸ್ ಹೋಯಿತು. ರಿಗ್ ಆನ್ ಮಾಡಿ ಅರ್ಧ ಗಂಟೆ ಕಾಯುವ ಹಳೆಯ ಹ್ಯಾಮ್‌ಗಳ ಅಭ್ಯಾಸಕ್ಕೆ ಕಾರಣ ಇದೇ.

1920ರ ದಶಕದಲ್ಲಿ ಈ ತೊಂದರೆ ಊರಿಗೆಲ್ಲ ಕೇಳಿಸತೊಡಗಿತು. ಅಮೆರಿಕದಲ್ಲಿ ಪ್ರಸಾರ ಕೇಂದ್ರಗಳು ನಾಯಿಕೊಡೆಯಂತೆ ಎದ್ದು, ಒಂದೇ ಚಾನೆಲ್ಲನ್ನು ದೂರದೂರದ ಊರುಗಳ ಕೇಂದ್ರಗಳು ಹಂಚಿಕೊಂಡಿದ್ದವು. ಒಂದು ಕೇಂದ್ರದ ಅಲೆ ಇನ್ನೊಂದಕ್ಕಿಂತ 1000 ಹರ್ಟ್ಸ್ ಸರಿದಿದ್ದರೆ ಕೇಳುಗರ ಸ್ಪೀಕರ್‌ನಲ್ಲಿ ಹಾಡಿನ ಜತೆಗೆ 1000 ಹರ್ಟ್ಸ್‌ನ ಸಿಳ್ಳೆ. 1932ರಲ್ಲಿ ಅಲ್ಲಿನ ಫೆಡರಲ್ ರೇಡಿಯೊ ಕಮಿಷನ್ ಪ್ರಸಾರ ಕೇಂದ್ರಗಳಿಗೆ ಇದ್ದ 500 ಹರ್ಟ್ಸ್ ಸಡಿಲಿಕೆಯನ್ನು 50ಕ್ಕೆ ಇಳಿಸಿತು. 1000 ಕಿಲೋಹರ್ಟ್ಸ್‌ನ ಕೇಂದ್ರಕ್ಕೆ ಅದು 50 ಪಿಪಿಎಂ. ನಮ್ಮ ಲೆಕ್ಕದ ಕಾಯಿಲ್ ಮೂರು ಡಿಗ್ರಿ ಬಿಸಿಯಾದರೆ ಆ ಗೆರೆ ದಾಟಿಬಿಡುತ್ತದೆ.

ಪರಿಹಾರ ಅಷ್ಟರಲ್ಲಿ ಸಿದ್ಧವಿತ್ತು. ಬೆಣಚುಕಲ್ಲನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲೇ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ತೋರಿಸಿದ್ದರು. ವಿದ್ಯುತ್ ಕೊಟ್ಟರೆ ಅದೇ ಕಲ್ಲು ಅದುರುತ್ತದೆ. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಂಶೋಧನೆಯಲ್ಲಿದ್ದ ವಾಲ್ಟರ್ ಕೇಡಿ, ಯುದ್ಧ ಮುಗಿದ ಮೇಲೆ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಈ ಅದುರುವಿಕೆಯ ಬೆನ್ನುಹತ್ತಿದರು. ತನ್ನ ಸಹಜ ಫ್ರೀಕ್ವೆನ್ಸಿಯ ಹತ್ತಿರ ಬಂದಾಗ ಕಲ್ಲಿನ ವಿದ್ಯುತ್ ವರ್ತನೆ ಥಟ್ಟನೆ ಬದಲಾಗುವುದನ್ನು ಅವರು ಗಮನಿಸಿದರು. 1921ರ ಹೊತ್ತಿಗೆ ಅದರಿಂದ ಆಸಿಲೇಟರನ್ನು ಹಿಡಿದು ನಿಲ್ಲಿಸಿದರು. 1923ರಲ್ಲಿ ತಮ್ಮ ಸ್ಫಟಿಕಗಳನ್ನು ಯುರೋಪಿಗೆ ಕೊಂಡೊಯ್ದು ಬೇರೆಬೇರೆ ದೇಶಗಳ ಪ್ರಯೋಗಾಲಯಗಳ ಫ್ರೀಕ್ವೆನ್ಸಿ ಮಾನಕಗಳನ್ನು ತಾಳೆ ನೋಡಿದರು. ಕಾಯಿಲ್ ಇರುವ ಡಬ್ಬಿಯನ್ನು ಹಡಗಿನಲ್ಲಿ ಸಾಗಿಸಿ ಇಂಥ ಕೆಲಸ ಮಾಡುವುದು ಕನಸಿನ ಮಾತು.

ಅದೇ 1923ರಲ್ಲಿ ಹಾರ್ವರ್ಡ್‌ನ ಜಾರ್ಜ್ ಪಿಯರ್ಸ್ ಈ ಸರ್ಕ್ಯೂಟನ್ನು ಒಂದೇ ವಾಲ್ವ್‌ಗೆ ಇಳಿಸಿದರು. ನನಗೆ ಇದರಲ್ಲಿ ಹಿಡಿಸುವುದು ಏನೆಂದರೆ, ಪಿಯರ್ಸ್ ಆಸಿಲೇಟರನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಕಾಲ್ಪಿಟ್ಸ್ ಸರ್ಕ್ಯೂಟೇ. ಎರಡು ಕೆಪಾಸಿಟರ್‌ಗಳು ಹಾಗೇ ಇವೆ, ಟ್ಯಾಪ್ ಹಾಗೇ ಇದೆ, ಗ್ರೌಂಡ್ ಎಲ್ಲಿ ಎಂಬುದಷ್ಟೇ ಬೇರೆ. ಕಾಯಿಲ್ ಇದ್ದ ಜಾಗದಲ್ಲಿ ಕ್ರಿಸ್ಟಲ್ ಕೂತಿದೆ.

ಕಲ್ಲಿನ ತುಣುಕು ಕಾಯಿಲ್ ಆಗುವುದು ಹೇಗೆ? ಅದುರುವ ಕ್ರಿಸ್ಟಲ್ ಹೊರಗಿನ ಸರ್ಕ್ಯೂಟಿಗೆ ಒಂದು ದೊಡ್ಡ ಇಂಡಕ್ಟರ್, ತೀರ ಚಿಕ್ಕ ಕೆಪಾಸಿಟರ್ ಮತ್ತು ಒಂದಿಷ್ಟು ರೋಧ ಸರಣಿಯಲ್ಲಿರುವಂತೆ ಕಾಣುತ್ತದೆ. ಇವಕ್ಕೆ ಸಮಾಂತರವಾಗಿ ಎರಡು ಬದಿಯ ಲೋಹದ ಲೇಪನದ ಕೆಪಾಸಿಟೆನ್ಸ್ ಇದೆ. ನಮ್ಮ 7.118 ಮೆಗಾಹರ್ಟ್ಸ್‌ಗೇ ಒಂದು ಸಾಮಾನ್ಯ ಕ್ರಿಸ್ಟಲ್ ತೆಗೆದುಕೊಳ್ಳಿ. ಆ ಚಿಕ್ಕ ಕೆಪಾಸಿಟರ್ 0.02 ಪಿಕೋಫ್ಯಾರಡ್ ಇದ್ದರೆ ಇಂಡಕ್ಟೆನ್ಸ್ 25 ಮಿಲಿಹೆನ್ರಿ ಆಗುತ್ತದೆ, ನಮ್ಮ ಟೊರಾಯ್ಡ್‌ನ 25,000 ಪಟ್ಟು. ರೋಧ 20 ಓಮ್ ಇದ್ದರೆ, ಶಕ್ತಿ ಎಷ್ಟು ನಿಧಾನವಾಗಿ ಕರಗುತ್ತದೆ ಎಂದು ಹೇಳುವ ಕ್ಯೂ ಮೌಲ್ಯ 55,000 ದಾಟುತ್ತದೆ. ಒಳ್ಳೆಯ ಟೊರಾಯ್ಡ್‌ಗೂ ಅದು ಇನ್ನೂರರ ಆಸುಪಾಸು. ಲೋಹದ ಲೇಪನದ ಕೆಪಾಸಿಟೆನ್ಸ್ 5 ಪಿಕೋಫ್ಯಾರಡ್ ಎಂದುಕೊಂಡರೆ, ಈ ಕ್ರಿಸ್ಟಲ್ ಇಂಡಕ್ಟರ್‌ನಂತೆ ನಡೆದುಕೊಳ್ಳುವುದು 14 ಕಿಲೋಹರ್ಟ್ಸ್ ಅಗಲದ ಒಂದು ಕಿಂಡಿಯೊಳಗೆ ಮಾತ್ರ. ಹೊರಗಿನ ಕೆಪಾಸಿಟರ್ ಎಷ್ಟೇ ಬದಲಿಸಿದರೂ ಆಸಿಲೇಟರ್ ಆ ಕಿಂಡಿ ಬಿಟ್ಟು ಹೋಗಲಾರದು.

ಈಗ ಅದೇ ಪರೀಕ್ಷೆ. ಕ್ರಿಸ್ಟಲ್‌ಗೆ 40 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್, ಸರಣಿಯಲ್ಲಿ 20. ಟ್ರಾನ್ಸಿಸ್ಟರ್‌ನಿಂದ ಒಂದು ಪಿಕೋಫ್ಯಾರಡ್ ಹೆಚ್ಚಾದರೆ ಫ್ರೀಕ್ವೆನ್ಸಿ ಸರಿಯುವುದು 28 ಹರ್ಟ್ಸ್. ಆಗ 1780 ಇತ್ತು, ಅದೂ ಇಪ್ಪತ್ತೈದು ಪಟ್ಟು ದೊಡ್ಡ ಕೆಪಾಸಿಟರ್‌ಗಳು ಕಾವಲಿಗಿದ್ದಾಗ. ಆಂಪ್ಲಿಫೈಯರ್‌ನ ಫೇಸ್, ಅಂದರೆ ಅಲೆ ಏರಿಳಿಯುವ ಹೊತ್ತು, ತಪ್ಪಿದರೂ ಹೀಗೇ. ಲೂಪ್ ಒಂದು ಸುತ್ತು ಬಂದಾಗ ಫೇಸ್ ಕೂಡಿಬರಲೇಬೇಕು. ಆಂಪ್ಲಿಫೈಯರ್ ಒಂದು ಡಿಗ್ರಿ ಹಿಂದೆ ಬಿದ್ದರೆ ಟ್ಯಾಂಕ್ ಅದನ್ನು ತುಂಬಿಕೊಡಲು ಫ್ರೀಕ್ವೆನ್ಸಿಯನ್ನು ಸರಿಸಬೇಕಾಗುತ್ತದೆ. ಸರ್ಕ್ಯೂಟ್‌ನ ಹೊರೆ ಸೇರಿ ಕ್ಯೂ 100ಕ್ಕೆ ಇಳಿದ ಕಾಯಿಲ್ ಟ್ಯಾಂಕ್ ಇದಕ್ಕಾಗಿ ಸುಮಾರು 620 ಹರ್ಟ್ಸ್ ಸರಿಯುತ್ತದೆ. 20,000ಕ್ಕೆ ಇಳಿದ ಕ್ರಿಸ್ಟಲ್‌ಗೆ 3 ಹರ್ಟ್ಸ್ ಸಾಕು.

ಆದರೆ ಎತ್ತರದ ಕ್ಯೂ ಸುತ್ತಲಿನ ಸರ್ಕ್ಯೂಟ್‌ನ ತಂಟೆಯನ್ನಷ್ಟೇ ತಡೆಯುತ್ತದೆ. ಕಲ್ಲೇ ಬಿಸಿಗೆ ಬದಲಾದರೆ ಅದು ಏನೂ ಮಾಡಲಾರದು. ಮೊದಮೊದಲ ಎಕ್ಸ್-ಕಟ್ ಕ್ರಿಸ್ಟಲ್‌ಗಳು ಒಂದು ಡಿಗ್ರಿಗೆ 20 ಪಿಪಿಎಂ ಆಸುಪಾಸು ಜಾರುತ್ತಿದ್ದವು, ನಮ್ಮ ಟೊರಾಯ್ಡ್ ಆಸಿಲೇಟರ್‌ಗಿಂತ ಏನೂ ಮೇಲಲ್ಲ. ಹಾಗಾಗಿ ಪ್ರಸಾರ ಕೇಂದ್ರಗಳು ಅವನ್ನು ಬಿಸಿ ಕಾಯ್ದುಕೊಳ್ಳುವ ಓವನ್‌ನಲ್ಲಿ ಇಡುತ್ತಿದ್ದವು. 1934ರಲ್ಲಿ ಬೆಲ್ ಲ್ಯಾಬ್ಸ್‌ನವರು ಎಟಿ-ಕಟ್ ಪ್ರಕಟಿಸಿದ ಮೇಲೆ ಚಿತ್ರ ಬದಲಾಯಿತು. ಸ್ಫಟಿಕದ ಉದ್ದದ ಅಕ್ಷಕ್ಕೆ 35 ಡಿಗ್ರಿ ಚಿಲ್ಲರೆ ಓರೆಯಲ್ಲಿ ಹೋಳು ಮಾಡಿದರೆ ಏರುವ ಮತ್ತು ಇಳಿಯುವ ಪರಿಣಾಮಗಳು ಕೋಣೆಯ ತಾಪದ ಸುತ್ತ ಒಂದನ್ನೊಂದು ಹೊಡೆದುಹಾಕುತ್ತವೆ. ಹತ್ತಾರು ಡಿಗ್ರಿ ಬದಲಾದರೂ ಕೆಲವೇ ಪಿಪಿಎಂ. ಕತ್ತರಿಸುವ ಕೋನದಲ್ಲಿ ಕೆಲವು ನಿಮಿಷ, ಅಂದರೆ ಡಿಗ್ರಿಯ ಅರವತ್ತನೇ ಪಾಲುಗಳಷ್ಟು ತಪ್ಪಿದರೆ ಈ ಲಾಭ ಕೈಬಿಡುತ್ತದೆ. 7 ಮೆಗಾಹರ್ಟ್ಸ್‌ನ ಇಂಥ ಹೋಳಿನ ದಪ್ಪ ಕಾಲು ಮಿಲಿಮೀಟರ್‌ಗಿಂತಲೂ ಕಡಿಮೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬ್ರೆಜಿಲ್‌ನ ಬೆಣಚುಕಲ್ಲು ತರಿಸಿ ಕೋಟಿಗಟ್ಟಲೆ ಕ್ರಿಸ್ಟಲ್ ಮಾಡಿಸಿತು. ಕಾರ್ಖಾನೆಯಲ್ಲಿ ಸರಿಯಾಗಿದ್ದ ಎಷ್ಟೋ ಕ್ರಿಸ್ಟಲ್‌ಗಳು ದಿನ ಕಳೆದಂತೆ ಫ್ರೀಕ್ವೆನ್ಸಿ ಏರಿ ಕೆಟ್ಟವು. ಉಜ್ಜುವ ಪುಡಿಯಿಂದ ಗಾಯವಾದ ಮೇಲ್ಮೈ ತೇವಕ್ಕೆ ಪುಡಿಪುಡಿಯಾಗಿ ಉದುರುತ್ತಿತ್ತು, ಹೋಳು ತೆಳುವಾಗುತ್ತಿತ್ತು. ಕೊನೆಯ ಹಂತದಲ್ಲಿ ಉಜ್ಜುವುದನ್ನು ಬಿಟ್ಟು ಆಮ್ಲದಲ್ಲಿ ಕರಗಿಸಿ ದಪ್ಪ ಇಳಿಸತೊಡಗಿದ ಮೇಲೆ ಕಾಟ ತಪ್ಪಿತು.

ಕ್ರಿಸ್ಟಲ್‌ಗೆ ಒಂದು ದೊಡ್ಡ ಕೊರತೆ ಉಳಿಯಿತು, ಗುಬುಟು ತಿರುಗಿಸಿ ಬ್ಯಾಂಡ್ ತುಂಬ ಓಡಾಡುವಂತಿಲ್ಲ. ಅದಕ್ಕಾಗಿ ಕಾಯಿಲ್ ಆಸಿಲೇಟರನ್ನೇ ಸುಧಾರಿಸುವ ಪ್ರಯತ್ನಗಳೂ ನಡೆದವು. 1948ರಲ್ಲಿ ಜೇಮ್ಸ್ ಕ್ಲ್ಯಾಪ್ ಪ್ರಕಟಿಸಿದ ಸರ್ಕ್ಯೂಟ್‌ನಲ್ಲಿ ಕಾಯಿಲ್‌ಗೆ ಸರಣಿಯಾಗಿ ಮೂರನೆಯ ಚಿಕ್ಕ ಕೆಪಾಸಿಟರ್ ಬಂತು, ಟ್ರಾನ್ಸಿಸ್ಟರ್ ಅಥವಾ ವಾಲ್ವ್‌ನ ಪ್ರಭಾವ ಇನ್ನೂ ತಗ್ಗಿತು. ಕ್ರಿಸ್ಟಲ್ ತಾನೇ ತಾನಾಗಿ ಮಾಡುವುದನ್ನು ಅದು ಕಾಯಿಲ್ ಇಟ್ಟುಕೊಂಡು ಅನುಕರಿಸುತ್ತದೆ ಎಂದರೂ ನಡೆಯುತ್ತದೆ. ಕಾಯಿಲ್‌ನ ಬಿಸಿಯ ಸಮಸ್ಯೆ ಮಾತ್ರ ಅಲ್ಲೇ ಉಳಿಯಿತು.

ಇವತ್ತು ಎರಡೂ ಒಂದೇ ಚಿಪ್ಪಿನ ಸುತ್ತ ಬದುಕುತ್ತವೆ. ಮೊಬೈಲ್‌ನ ರೇಡಿಯೊ ಚಿಪ್ಪಿನೊಳಗೆ ಗಿಗಾಹರ್ಟ್ಸ್ ಹುಟ್ಟಿಸುವುದು ಈಗಲೂ ಕಾಯಿಲ್-ಕೆಪಾಸಿಟರ್ ಟ್ಯಾಂಕೇ. ಫೇಸ್ ಲಾಕ್ಡ್ ಲೂಪ್ ಅದರ ಫ್ರೀಕ್ವೆನ್ಸಿಯನ್ನು ಭಾಗಿಸಿ ಕ್ರಿಸ್ಟಲ್‌ನ ಜತೆ ಸತತ ತಾಳೆ ನೋಡಿ ತಿದ್ದುತ್ತಿರುತ್ತದೆ. ಓಡಾಟ ಟ್ಯಾಂಕಿನದು, ಅಳತೆ ಕ್ರಿಸ್ಟಲ್‌ನದು.

ಇಂಥ ಕ್ರಿಸ್ಟಲ್ ಸರಿಯಿದೆಯೋ ಇಲ್ಲವೋ ನೋಡುವವರು ಮಾಡುವ ಒಂದು ತಪ್ಪಿದೆ. ಆಸಿಲೋಸ್ಕೋಪ್‌ನ ಪ್ರೋಬನ್ನು ನೇರ ಕ್ರಿಸ್ಟಲ್ ಕಾಲಿಗೇ ಮುಟ್ಟಿಸುತ್ತಾರೆ. ಪ್ರೋಬ್‌ನ 10 ಪಿಕೋಫ್ಯಾರಡ್ ನಮ್ಮ 40ರ ಪಕ್ಕ ಸೇರಿದರೆ ಫ್ರೀಕ್ವೆನ್ಸಿ 33 ಪಿಪಿಎಂ, ಅಂದರೆ ಸುಮಾರು 230 ಹರ್ಟ್ಸ್ ಇಳಿಯುತ್ತದೆ, ಕ್ರಿಸ್ಟಲ್ ಕೆಟ್ಟಿದೆ ಎಂಬ ತೀರ್ಮಾನವಾಗುತ್ತದೆ. ಎಟಿಮೆಗಾದಲ್ಲಾದರೆ ಕ್ಲಾಕ್ ಔಟ್‌ಪುಟ್ ಫ್ಯೂಸ್ ಎಂಬ ಸೆಟ್ಟಿಂಗ್ ಆನ್ ಮಾಡಿ, ಬಫರ್ ದಾಟಿ ಬಂದ ಆ ಪಿನ್‌ನಲ್ಲಿ ಅಳೆಯಬೇಕು. ಆಗಲೂ ಫ್ರೀಕ್ವೆನ್ಸಿ ಹೆಚ್ಚಿದ್ದರೆ ಎರಡು ಕೆಪಾಸಿಟರ್‌ಗಳ ಮೌಲ್ಯ ಸಾಲದು, ಕಡಿಮೆಯಿದ್ದರೆ ಜಾಸ್ತಿಯಾಗಿದೆ. ಬ್ರೆಡ್‌ಬೋರ್ಡ್‌ನ ಪಟ್ಟಿಗಳ ನಡುವಿನ ಕೆಲವು ಪಿಕೋಫ್ಯಾರಡ್‌ಗಳೂ ಈ ಲೆಕ್ಕದಲ್ಲಿ ಸೇರುತ್ತವೆ.